ವಿಷಯ: ಬಿಲ್ 212 ಮತ್ತು 219ರ ಹಣ ಖಾತೆಗೆ ಬಂದಿಲ್ಲ, ಪೇಮೆಂಟ್ ಅಡ್ವೈಸ್ ಕಳಿಸಿಕೊಡಿ

ನಮಸ್ಕಾರ ಸರ್,

ಶನಿವಾರ ಫೋನ್‌ನಲ್ಲಿ "ಗುರುವಾರವೇ ನೆಫ್ಟ್ ಮಾಡಿದ್ದೀವಿ, ನೋಡಿ" ಅಂದಿರಿ. ಅವತ್ತೇ ನೋಡಿದೆ. ಇವತ್ತು ಬೆಳಿಗ್ಗೆ ಮತ್ತೆ ಸ್ಟೇಟ್‌ಮೆಂಟ್ ತೆಗೆದು ನವೆಂಬರ್ 12ರಿಂದ ಸಾಲು ಸಾಲಾಗಿ ಹುಡುಕಿದೆ. ನಿಮ್ಮ ಹೆಸರಲ್ಲಿ ಜಮಾ ಇಲ್ಲ. ಬರೀ ಮೊತ್ತ ಹಾಕಿ ನೋಡಿದರೂ ಸಿಗಲಿಲ್ಲ.

ನಿಮ್ಮ ಮಾತಿನ ಮೇಲೆ ನನಗೆ ಅನುಮಾನ ಇಲ್ಲ. ಆದರೆ ನೆಫ್ಟ್ ಈಗ ರಜೆ ದಿನವೂ ನಡೆಯುತ್ತದೆ, ಅರ್ಧ ಗಂಟೆಗೊಂದು ಬ್ಯಾಚ್. ಗುರುವಾರದ ಹಣ ಸೋಮವಾರವಾದರೂ ಬಂದಿಲ್ಲ ಅಂದರೆ ಎಲ್ಲೋ ಏನೋ ಆಗಿದೆ, ಅಲ್ವಾ?

ದಯವಿಟ್ಟು ಪೇಮೆಂಟ್ ಅಡ್ವೈಸ್ ಕಳಿಸಿ. ಮುಖ್ಯವಾಗಿ ಬೇಕಿರುವುದು ಯುಟಿಆರ್ ನಂಬರ್. ಅದೊಂದು ಸಿಕ್ಕರೆ ನಮ್ಮ ಬ್ಯಾಂಕಿನವರನ್ನು ಇವತ್ತೇ ಕೇಳುತ್ತೇನೆ. ಜೊತೆಗೆ ಹಣ ಹೋದ ತಾರೀಕು, ಮೊತ್ತ, ಯಾವ ಖಾತೆಗೆ ಹಾಕಿದಿರಿ, ಐಎಫ್‌ಎಸ್‌ಸಿ ಕೋಡ್ ಏನು ಅನ್ನುವುದೂ ಇರಲಿ. ನಮ್ಮ ಖಾತೆಯ ಕೊನೆಯ ನಾಲ್ಕು ಅಂಕಿ 4471. ಕಳೆದ ವರ್ಷ ಮುಚ್ಚಿದ ಹಳೇ ಖಾತೆ 0936ಕ್ಕೆ ಹೋಗಿದ್ದರೆ ಹಣ ನಿಮಗೇ ವಾಪಸ್ ಬಂದಿರುತ್ತದೆ. ನಿಮ್ಮ ಸ್ಟೇಟ್‌ಮೆಂಟಲ್ಲಿ ರಿಟರ್ನ್ ಅಂತ ಜಮಾ ಇದೆಯಾ, ಒಮ್ಮೆ ನೋಡಿ.

ಇನ್ನೊಂದು ಮಾತು. ನಿಮ್ಮಲ್ಲಿ ಒಬ್ಬರು ಎಂಟ್ರಿ ಮಾಡಿ, ಇನ್ನೊಬ್ಬರು ಅಪ್ರೂವ್ ಮಾಡುತ್ತಾರೆ ಅಂತ ಹಿಂದೆ ಹೇಳಿದ್ರಿ. ಅಪ್ರೂವ್ ಆಗದೆ ಸುಮ್ನೆ ಕೂತಿದ್ದರೂ ಕೂತಿರಬಹುದು. ಸ್ಕ್ರೀನ್‌ಶಾಟ್ ಕಳಿಸುವುದಾದರೆ ಅದರಲ್ಲಿ ಯುಟಿಆರ್ ಕಾಣುವಂತಿರಲಿ.

ಲೆಕ್ಕ ಹೀಗಿದೆ: ಬಿಲ್ 212, ಅಚ್ಚು ಬೆಲ್ಲ, ₹1,14,600. ಬಿಲ್ 219, ಬಕೆಟ್ ಬೆಲ್ಲ, ₹72,400. ಕರಗಿ ಜಿನುಗುತ್ತಿದ್ದ 4 ಬಕೆಟ್ ವಾಪಸ್ ಕಳಿಸಿದಿರಿ. ಅದು ನಮ್ಮ ತಪ್ಪೇ, ₹2,200 ಕಳೆದಿದ್ದೇನೆ. ಬರಬೇಕಾದದ್ದು ₹1,84,800. ನೀವು ಬೇರೇನಾದರೂ ಮುರಿದುಕೊಂಡಿದ್ದರೆ ಯಾವ ಬಿಲ್‌ಗೆ ಎಷ್ಟು ಅಂತ ಬರೆಯಿರಿ. ಇಲ್ಲದಿದ್ದರೆ ಮುಂದಿನ ತಿಂಗಳು ಇಬ್ಬರಿಗೂ ತಲೆನೋವು.

ನಾವು ಖಾತೆ ಬದಲಿಸಿದ್ದೇವೆ ಅಂತ ಯಾರಾದರೂ ಮೇಲ್ ಅಥವಾ ಮೆಸೇಜ್ ಮಾಡಿದ್ದರೆ ತಕ್ಷಣ ಫೋನ್ ಮಾಡಿ. ಈ ವರ್ಷ ನಾವು ಏನೂ ಬದಲಿಸಿಲ್ಲ. ಹಾಗೆ ಬೇರೆಯವರ ಖಾತೆಗೆ ಹೋಗಿದ್ದರೆ ಒಂದೊಂದು ಗಂಟೆಯೂ ಮುಖ್ಯ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕಾಗುತ್ತದೆ. ಹಣ ಎಲ್ಲಿದೆ ಅಂತ ಗೊತ್ತಾಗುವವರೆಗೆ ಎರಡನೇ ಸಲ ಹಾಕಬೇಡಿ.

ಶುಕ್ರವಾರ ಆಲೆಮನೆಯವರಿಗೆ ನಾವು ದುಡ್ಡು ಕೊಡಬೇಕು. ಅದಕ್ಕೇ ಅವಸರ ಮಾಡುತ್ತಿದ್ದೇನೆ. ನಾಳೆ ಮಧ್ಯಾಹ್ನದೊಳಗೆ ಯುಟಿಆರ್ ಸಿಕ್ಕರೆ ದೊಡ್ಡ ಉಪಕಾರ. ಬುಧವಾರದ ಲೋಡ್ ಮೈಸೂರಿಗೆ ಎಂದಿನಂತೆ ಹೊರಡುತ್ತದೆ, ಅದನ್ನು ತಡೆಯುವುದಿಲ್ಲ.

ವಂದನೆಗಳೊಂದಿಗೆ,
ಅಕೌಂಟ್ಸ್ ವಿಭಾಗ
ಬೆಲ್ಲದ ಮಂಡಿ, ಮಂಡ್ಯ
17 ನವೆಂಬರ್ 2025