ಪಾವಗಡದ ನೀರಿನ ಮಾದರಿಗಳು: ಜನವರಿ 9ರವರೆಗಿನ ಪ್ರಗತಿ ಟಿಪ್ಪಣಿ

ಮೊದಲು ವಾಟ್ಸಾಪ್‌ನಲ್ಲಿ ಕಳಿಸಿದ್ದು:

ಡಿಸೆಂಬರ್ 7: ಮೇಡಂ, ಫೀಲ್ಡ್ ಚೆನ್ನಾಗಾಯ್ತು. ಒಂದೆರಡು ಬೋರ್ ಸಿಗ್ಲಿಲ್ಲ ಅಷ್ಟೇ.
ಡಿಸೆಂಬರ್ 22: ಎರಡನೇ ಟ್ರಿಪ್ ಮುಗೀತು ಮೇಡಂ, ಸ್ವಲ್ಪ ಬಾಕಿ ಇದೆ, ಇನ್ನೊಂದ್ಸಲ ಹೋಗ್ಬೇಕಾಗುತ್ತೆ.
ಡಿಸೆಂಬರ್ 28: ಮೀಟರ್ ಯಾಕೋ ಸತಾಯಿಸ್ತಿದೆ ಮೇಡಂ. ನೋಡ್ತೀನಿ.
ಜನವರಿ 2: ಸಾರಿ ಮೇಡಂ, ಊರಲ್ಲಿದ್ದೀನಿ, ಅಮ್ಮ ಬಿದ್ದುಬಿಟ್ರು. ಚಾಪ್ಟರ್ ಮುಂದಿನ ವಾರ ಖಂಡಿತ.
ಜನವರಿ 8: ಮೇಡಂ ಎಲ್ಲಾ ಒಂದೇ ಸಲ ಆಗೋಯ್ತು, ನಾಳೆ ಸರಿಯಾಗಿ ಬರೆದು ಕಳಿಸ್ತೀನಿ.

ಈಗ ಸರಿಯಾಗಿ ಬರೆದಿದ್ದು:

ದಿನಾಂಕ: 9 ಜನವರಿ 2025, ಗುರುವಾರ
ವಿಷಯ: ಮಳೆಗಾಲದ ನಂತರದ ಫ್ಲೋರೈಡ್ ಅಳತೆ ತಡವಾಗಿರುವುದು, ಮತ್ತು ನಾಳೆಯೇ ಬೇಕಾದ ಒಂದು ಪತ್ರ

ಮೇಡಂ, ನಮಸ್ಕಾರ.

ತುರ್ತಿನದನ್ನು ಮೊದಲು ಹೇಳುತ್ತೇನೆ. ನಮ್ಮ ಫ್ಲೋರೈಡ್ ಎಲೆಕ್ಟ್ರೋಡ್ ಕೆಟ್ಟಿದೆ. ಎರಡನೇ ಟ್ರಿಪ್‌ನ 20 ಬಾಟಲಿಗಳ ನೀರನ್ನು ಬೇರೆ ಎಲೆಕ್ಟ್ರೋಡ್‌ನಲ್ಲಿ ಬೇಗ ಅಳೆಯಬೇಕು. ಆ ನೀರು ತುಂಬಿದ್ದು ಡಿಸೆಂಬರ್ 17ರಿಂದ 21ರವರೆಗೆ. ನಾವು ಇಟ್ಟುಕೊಂಡಿರುವ 28 ದಿನದ ಗಡುವು ಮೊದಲ ಬಾಟಲಿಗಳಿಗೆ 14ಕ್ಕೆ ಮುಗಿಯುತ್ತದೆ. 11 ಎರಡನೇ ಶನಿವಾರ, 12 ಭಾನುವಾರ, 14 ಸಂಕ್ರಾಂತಿ. ಅಂದರೆ ಕೈಯಲ್ಲಿರುವುದು ನಾಳೆ ಮತ್ತು ಸೋಮವಾರ, ಎರಡೇ ದಿನ. ಪರಿಸರ ವಿಜ್ಞಾನ ವಿಭಾಗದಲ್ಲಿ ಚಾಲ್ತಿಯಲ್ಲಿರುವ ಎಲೆಕ್ಟ್ರೋಡ್ ಇದೆ. ಅಲ್ಲಿನ ಲ್ಯಾಬ್ ನೋಡಿಕೊಳ್ಳುವವರನ್ನು ಇವತ್ತು ಬೆಳಿಗ್ಗೆ ಕೇಳಿದೆ. ನಿಮ್ಮ ಸಹಿ ಇರುವ ಪತ್ರ ತಂದರೆ ಎರಡೂ ದಿನ ಬಿಟ್ಟುಕೊಡುತ್ತೇವೆ ಎಂದರು. ಪತ್ರ ಟೈಪ್ ಮಾಡಿ ನಿಮ್ಮ ಟೇಬಲ್ ಮೇಲೆ ಇಟ್ಟಿದ್ದೇನೆ. ಜನವರಿ 27 ಮತ್ತು 28ನ್ನೂ ಅದರಲ್ಲೇ ಸೇರಿಸಿದ್ದೇನೆ, ಯಾಕೆ ಅಂತ ಮುಂದೆ ಬರೆದಿದ್ದೇನೆ.

ಈಗ ಲೆಕ್ಕ. ನಾಲ್ಕು ಹೋಬಳಿಗಳಲ್ಲಿ 15ರಂತೆ ಒಟ್ಟು 60 ಬೋರ್‌ವೆಲ್. ಏಪ್ರಿಲ್–ಮೇ ತಿಂಗಳಲ್ಲಿ 60ರಿಂದಲೂ ನೀರು ತಂದು ಅಳೆದಿದ್ದೇವೆ, ಅದರಲ್ಲಿ ತೊಂದರೆ ಇಲ್ಲ. ಮಳೆಗಾಲದ ನಂತರ ಈವರೆಗೆ ತಂದಿರುವುದು 47. ಡಿಸೆಂಬರ್ 2ರಿಂದ 6ರವರೆಗೆ ಕಸಬಾ ಮತ್ತು ನಿಡಗಲ್ ಹೋಬಳಿಗಳಲ್ಲಿ 27. ಎರಡನೇ ಸಲ ವೈ.ಎನ್. ಹೊಸಕೋಟೆಯಲ್ಲಿ 13, ನಾಗಲಮಡಿಕೆಯಲ್ಲಿ 7. ಬಾಕಿ 13ರಲ್ಲಿ ಐದು ಬೋರ್‌ಗಳು ಬತ್ತಿವೆ, ಮೋಟಾರನ್ನೇ ಮೇಲೆತ್ತಿ ಇಟ್ಟಿದ್ದಾರೆ. "ಒಂದೆರಡು ಸಿಗ್ಲಿಲ್ಲ" ಎಂದು ನಾನು ಬರೆದಾಗಲೇ ಮೂರು ಹೋಗಿದ್ದವು. ಉಳಿದ ಎಂಟೂ ನಾಗಲಮಡಿಕೆ ಕಡೆಯವು, ಅಲ್ಲಿಗೆ ಹೋಗಲು ದಿನ ಸಾಲಲಿಲ್ಲ.

ತಂದ 47ರಲ್ಲಿ ನಂಬಬಹುದಾದ ಅಳತೆ ಇರುವುದು 17ಕ್ಕೆ ಮಾತ್ರ. ಅವನ್ನು ಡಿಸೆಂಬರ್ 10 ಮತ್ತು 11ರಂದು ಅಳೆದೆ. ಆಗ ಎಲೆಕ್ಟ್ರೋಡ್‌ನ ಸ್ಲೋಪ್ 57 ಮಿಲಿವೋಲ್ಟ್ ಇತ್ತು. ಇರಬೇಕಾದ್ದು 59ರ ಆಸುಪಾಸು, ಹಾಗಾಗಿ ಅದು ಸರಿಯೇ. ಆಮೇಲೆ ಟಿಸಾಬ್ ಬಫರ್ ಖಾಲಿಯಾಯಿತು, ಹೊಸದು ಮಾಡಿಕೊಳ್ಳುವಷ್ಟರಲ್ಲಿ ಎರಡನೇ ಟ್ರಿಪ್ ಬಂತು. ಡಿಸೆಂಬರ್ 27 ಮತ್ತು 28ರಂದು ಮತ್ತೆ ಕೂತಾಗ ಸ್ಲೋಪ್ 46ಕ್ಕೆ ಇಳಿದಿತ್ತು. ಅದನ್ನು ನೋಡಿಯೂ ನಾನು 14 ಮಾದರಿ ಅಳೆದೆ. ಕೊನೆಯಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರುವ ಸ್ಟ್ಯಾಂಡರ್ಡ್ ದ್ರಾವಣವನ್ನೇ ಇಟ್ಟು ನೋಡಿದರೆ ಮೀಟರ್ 1.27 ತೋರಿಸಿತು. ಐದು ನಿಮಿಷ ಬಿಟ್ಟು ನೋಡಿದರೆ 1.34. ಎಲೆಕ್ಟ್ರೋಡನ್ನು ತಿರುಗಿಸಿ ಬೆಳಕಿಗೆ ಹಿಡಿದಾಗ, ತುದಿಯ ಹರಳಿನ ಮೇಲೆ ಕೂದಲೆಳೆಯಂಥ ಗೀರು ಕಂಡಿತು. ಒರೆಸುವಾಗ ನನ್ನ ಕೈಯಿಂದಲೇ ಆಗಿರಬಹುದು. ಆ ದಿನವೇ ನಿಮಗೆ ಇಷ್ಟನ್ನೂ ಹೇಳಬೇಕಿತ್ತು. "ಸತಾಯಿಸ್ತಿದೆ" ಎಂದು ಬರೆದು ಸುಮ್ಮನಾದೆ, ಅದು ತಪ್ಪು. ಅಂದೇ ಹೇಳಿದ್ದರೆ ಮೊದಲ ಟ್ರಿಪ್‌ನ ಹತ್ತು ಬಾಟಲಿಗಳಾದರೂ ಉಳಿಯುತ್ತಿದ್ದವು. ಈಗ ಅವುಗಳ 28 ದಿನ ಮುಗಿದಿದೆ.

ಡಿಸೆಂಬರ್ 29ರಿಂದ ಜನವರಿ 4ರವರೆಗೆ ನಾನು ಊರಲ್ಲಿದ್ದೆ. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಮುರಿದಿತ್ತು. ಈಗ ಪ್ಲಾಸ್ಟರ್ ಹಾಕಿದ್ದಾರೆ, ಅಕ್ಕ ಬಂದು ಜೊತೆಗಿದ್ದಾಳೆ. ನಾನು ಮತ್ತೆ ಹೋಗಬೇಕಾಗಿ ಬರುವುದಿಲ್ಲ. ಆ ಏಳು ದಿನದ ರಜೆ ಅರ್ಜಿಯನ್ನು ಆಫೀಸಿಗೆ ಕೊಟ್ಟಿದ್ದೇನೆ.

ಕೆಟ್ಟ ಎಲೆಕ್ಟ್ರೋಡ್‌ನ ಆ 14 ಸಂಖ್ಯೆಗಳನ್ನು ಪಟ್ಟಿಯಿಂದ ತೆಗೆದಿದ್ದೇನೆ, ಆದರೆ ನೋಟ್‌ಬುಕ್‌ನಲ್ಲಿ ಹಾಗೇ ಬಿಟ್ಟು, ಯಾಕೆ ಬೇಡ ಅಂತ ಪಕ್ಕದಲ್ಲಿ ಬರೆದಿದ್ದೇನೆ. ತಿದ್ದುಪಡಿ ಲೆಕ್ಕ ಹಾಕಿ ಅವನ್ನು ಉಳಿಸಿಕೊಳ್ಳಬಹುದಾ ಅಂತ ಒಂದು ರಾತ್ರಿ ಯೋಚಿಸಿದೆ. ಬೇಡ ಅನಿಸಿತು. ನಿಡಗಲ್ ಹೋಬಳಿಯ ಒಂದು ಬೋರ್ ಏಪ್ರಿಲ್‌ನಲ್ಲಿ 2.1 ಇತ್ತು, ಈ ಮೀಟರ್ ಅದನ್ನು 1.4 ಎನ್ನುತ್ತದೆ. ಭಾರತೀಯ ಮಾನಕ ಹೇಳುವುದು 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಮಳೆಯಿಂದ ನಿಜವಾಗಿಯೂ ಇಳಿದಿದೆಯೋ, ಹರಳಿನ ಗೀರು ಹಾಗೆ ಹೇಳಿಸುತ್ತಿದೆಯೋ ಗೊತ್ತಾಗದೆ ಅದನ್ನು ಗೆರೆಯ ಈಚೆ ಹಾಕಲು ಮನಸ್ಸು ಬರಲಿಲ್ಲ. ಆ ಬೋರ್ ಪಕ್ಕದ ಮನೆಯ ಅಜ್ಜಿ ನಾನು ಬಾಟಲಿ ತುಂಬುವಾಗ ಬಂದು, "ಏನವ್ವಾ, ಈ ಸಲನಾದ್ರೂ ಕುಡಿಯಂಗೈತಾ?" ಎಂದು ಕೇಳಿದ್ದರು. ಮುಂದಿನ ಸಲ ಬಂದಾಗ ಹೇಳುತ್ತೇನೆ ಎಂದಿದ್ದೇನೆ.

ಮುಂದಿನ ಕೆಲಸ ಹೀಗೆ ಅಂದುಕೊಂಡಿದ್ದೇನೆ. ನಾಳೆ ಮತ್ತು ಸೋಮವಾರ ದಿನಕ್ಕೆ ಹತ್ತರಂತೆ 20 ಮಾದರಿ, ಪ್ರತಿಯೊಂದನ್ನೂ ಎರಡು ಸಲ. ಪ್ರತಿ ಐದು ಮಾದರಿಗೊಮ್ಮೆ ಸ್ಟ್ಯಾಂಡರ್ಡ್ ಇಟ್ಟು ನೋಡುತ್ತೇನೆ. ಜನವರಿ 20ರಿಂದ 23ರವರೆಗೆ ಮೂರನೇ ಟ್ರಿಪ್. ನಾಗಲಮಡಿಕೆಯ 8, ಹಾಳಾದ 10ರ ಬದಲಿಗೆ ಅದೇ ಬೋರ್‌ಗಳಿಂದ 10. ಇದರ ಜೊತೆ, ಸರಿಯಾಗಿ ಅಳೆದ 17ರಲ್ಲಿ ಮೂರರಿಂದ ಮತ್ತೆ ನೀರು ತರುತ್ತೇನೆ. ಡಿಸೆಂಬರ್ ನೀರಿಗೂ ಜನವರಿ ನೀರಿಗೂ ಎಷ್ಟು ವ್ಯತ್ಯಾಸ ಇದೆ ಎಂದು ತಿಳಿಯದೆ ಎರಡನ್ನೂ ಒಂದೇ ಪಟ್ಟಿಗೆ ಹಾಕುವುದು ಸರಿಯಲ್ಲ, ಅಲ್ವಾ ಮೇಡಂ? ಈ 21 ಬಾಟಲಿಗಳನ್ನು 27 ಮತ್ತು 28ರಂದು ಅಳೆದರೆ 55 ಬೋರ್‌ಗಳ ಲೆಕ್ಕ ಪೂರ್ತಿಯಾಗುತ್ತದೆ. ಜನವರಿ 31ಕ್ಕೆ ಕೊಡಬೇಕಾದ ಆರು ತಿಂಗಳ ವರದಿಯಲ್ಲಿ ಅದನ್ನು ಸೇರಿಸಬಹುದು. ಜೀಪಿಗೆ ಅರ್ಜಿ ಕೊಟ್ಟಿದ್ದೇನೆ. ಸಿಗದಿದ್ದರೆ ಬಸ್ಸಿನಲ್ಲಿ ಪಾವಗಡಕ್ಕೆ ಹೋಗಿ, ಹಿಂದಿನ ಸಲ ಬಂದಿದ್ದ ಆಟೋದವರನ್ನೇ ಕರೆಯುತ್ತೇನೆ, ಅವರಿಗೆ ಬೋರ್‌ಗಳೆಲ್ಲ ಗೊತ್ತು.

ಬತ್ತಿದ ಐದರ ವಿಷಯ ನೀವು ತೀರ್ಮಾನಿಸಬೇಕು. ಪಕ್ಕದ ಬೋರ್‌ನಿಂದ ನೀರು ತಂದು 60 ಮಾಡಬಹುದು. ನನಗೆ ಅದು ಬೇಡ ಅನಿಸುತ್ತದೆ. ನಾವು ನೋಡುತ್ತಿರುವುದು ಅದೇ ಬೋರ್‌ನ ನೀರು ಮಳೆಗೆ ಮೊದಲು ಹೇಗಿತ್ತು, ನಂತರ ಹೇಗಿದೆ ಎಂದು. ಗ್ರಾನೈಟ್ ನೆಲದಲ್ಲಿ ನೂರು ಅಡಿ ಆಚೆಗೇ ನೀರು ಬೇರೆ ಇರಬಹುದು. 55 ಜೋಡಿಯನ್ನೇ ಇಟ್ಟುಕೊಂಡು, ಐದು ಬತ್ತಿದವು ಎಂದು ಸ್ಪಷ್ಟವಾಗಿ ಬರೆಯುವುದು ವಾಸಿ.

ಡಿಸೆಂಬರ್ 31ಕ್ಕೆ ಕೊಡುತ್ತೇನೆ ಎಂದಿದ್ದ ನಾಲ್ಕನೇ ಅಧ್ಯಾಯದಲ್ಲಿ 22 ಪುಟ ಆಗಿದೆ. ಬೇಸಿಗೆಯ ಫಲಿತಾಂಶದ ಭಾಗ ಪೂರ್ತಿ ಇದೆ, ಅದನ್ನು ಈ ಶನಿವಾರ ಕಳಿಸುತ್ತೇನೆ. ಉಳಿದದ್ದಕ್ಕೆ ಫೆಬ್ರವರಿ 10ರವರೆಗೆ ಸಮಯ ಕೇಳುತ್ತಿದ್ದೇನೆ.

ಹೊಸ ಎಲೆಕ್ಟ್ರೋಡ್‌ಗೆ ಮೂರು ಕೊಟೇಶನ್ ಬೇಕು, ಎರಡು ಬಂದಿವೆ. ಆರ್ಡರ್ ಕೊಟ್ಟ ಮೇಲೂ ನಾಲ್ಕು ವಾರ ಆಗುತ್ತದಂತೆ, ಆದ್ದರಿಂದ ಈ ಸುತ್ತಿಗೆ ಅದನ್ನು ನಂಬಿಕೊಂಡಿಲ್ಲ.

ನಾಳೆ ಒಂಬತ್ತೂವರೆಗೆ ನಿಮ್ಮ ರೂಮಿನ ಹತ್ತಿರ ಇರುತ್ತೇನೆ ಮೇಡಂ. ಸಹಿ ಸಿಕ್ಕ ತಕ್ಷಣ ಬಾಟಲಿಗಳನ್ನು ತೆಗೆದುಕೊಂಡು ಅಲ್ಲಿಗೆ ಹೋಗುತ್ತೇನೆ.

ಇಂತಿ,
ನಿಮ್ಮ ವಿದ್ಯಾರ್ಥಿನಿ