ಮುಖ ತೋರಿಸುವುದಿಲ್ಲ, ಬಿಲ್ಲು ತೋರಿಸುತ್ತೇವೆ

(ದೇಣಿಗೆಗಾಗಿ ಕಿರುವಿಡಿಯೊ. ಅವಧಿ ಸುಮಾರು ಏಳು ನಿಮಿಷ. ಚಿತ್ರೀಕರಣ ಪೆರ್ಲ ಮತ್ತು ಸುತ್ತಮುತ್ತ. ಮಾತಾಡುವವರು ಟ್ರಸ್ಟಿನ ಖಜಾಂಚಿ, ನಿವೃತ್ತ ಕನ್ನಡ ಟೀಚರ್. ಹಣ ಕೇಳುವವರು ಅವರು, ಆದ್ದರಿಂದ ಮುಖ ಕಾಣಿಸುವುದು ಅವರದ್ದು ಮಾತ್ರ.

ಕ್ಯಾಮರಾದವರಿಗೆ: ಹಿನ್ನೆಲೆ ಸಂಗೀತ ಬೇಡ. ಪಿಟೀಲು ಶುರುವಾದ ಕೂಡಲೇ ಜನರಿಗೆ ಮುಂದೇನು ಅಂತ ಗೊತ್ತಾಗಿ ಬಿಡುತ್ತದೆ, ಹೆಬ್ಬೆರಳು ವಿಡಿಯೊವನ್ನು ಮೇಲಕ್ಕೆ ಸರಿಸಿ ಬಿಡುತ್ತದೆ. ಗಾಡಿಯ ಸದ್ದು, ಮಾತಿನ ಸದ್ದು ಇದ್ದರೆ ಸಾಕು.)

ದೃಶ್ಯ 1. ಬೆಳಗ್ಗೆ ಐದೂವರೆ. ಅಡಿಕೆ ತೋಟದ ನಡುವಿನ ಮಣ್ಣುದಾರಿ. ಓಮ್ನಿಯ ಹೆಡ್‌ಲೈಟ್.

ಗಾಡಿ ಒಂದು ಮನೆಯ ಗೇಟಿನ ಎದುರು ನಿಲ್ಲುತ್ತದೆ. ಗಾಡಿಯ ಮೇಲೆ ಬೋರ್ಡ್ ಇಲ್ಲ, ಸ್ಟಿಕ್ಕರ್ ಇಲ್ಲ.

ಚಾಲಕ: ಅಕ್ಕೋ, ಹೊರಟಿರಾ?

ಹೆಂಗಸಿನ ದನಿ, ಒಳಗಿನಿಂದ: ಎರಡು ನಿಮಿಷ ಮಾರಾಯ. ಚಪ್ಪಲಿ ಹುಡುಕುತ್ತಿದ್ದೇನೆ.

ಪರದೆಯಲ್ಲಿ ಕಾಣುವುದು ಗೇಟು, ಟಾರ್ಚಿನ ಬೆಳಕು, ಬಟ್ಟೆಯ ಚೀಲ ಹಿಡಿದ ಕೈ. ಬಾಗಿಲು ಜಾರಿಸಿ ಮುಚ್ಚುವ ಸದ್ದು.

ಟೀಚರ್ (ದನಿ ಮಾತ್ರ): ಈ ಗಾಡಿ ಸೋಮವಾರದಿಂದ ಶನಿವಾರದ ತನಕ ದಿನಾ ಹೊರಡುತ್ತದೆ. ಪೆರ್ಲ, ಬದಿಯಡ್ಕದ ಆಚೀಚೆಯ ಮನೆಗಳಿಂದ ನಾಲ್ಕು ಜನರನ್ನು ಹತ್ತಿಸಿಕೊಂಡು ಕಾಸರಗೋಡಿಗೆ ಹೋಗುತ್ತದೆ. ನಾಲ್ವರೂ ಡಯಾಲಿಸಿಸ್ ಮಾಡಿಸುವವರು. ಸೋಮ, ಬುಧ, ಶುಕ್ರ ಒಂದು ತಂಡ. ಮಂಗಳ, ಗುರು, ಶನಿ ಇನ್ನೊಂದು ತಂಡ. ಒಟ್ಟು ಎಂಟು ಜನ. ಜೊತೆಗೆ ಬರುವ ಮನೆಯವರಿಗೂ ಜಾಗ ಉಂಟು.

ದೃಶ್ಯ 2. ಪೆರ್ಲ ಪೇಟೆ. ಟ್ರಸ್ಟಿನ ಆಫೀಸು, ಒಂದೇ ಕೋಣೆ. ಟೀಚರ್ ಮೇಜಿನ ಹಿಂದೆ ಕುಳಿತು ಕ್ಯಾಮರಾ ನೋಡಿ ಮಾತಾಡುತ್ತಾರೆ.

ನಮಸ್ಕಾರ. ನಾನು ಈ ಟ್ರಸ್ಟಿನ ಖಜಾಂಚಿ. ನಾವು ಒಟ್ಟು ಏಳು ಜನ ಟ್ರಸ್ಟಿಗಳು. ಯಾರಿಗೂ ಸಂಬಳ ಇಲ್ಲ. ಸಂಬಳ ಇಲ್ಲ ಅನ್ನುವುದು ದೊಡ್ಡ ತ್ಯಾಗ ಏನಲ್ಲ, ನಮಗೆ ಪಿಂಚಣಿ ಉಂಟು, ತೋಟ ಉಂಟು.

ಡಯಾಲಿಸಿಸ್‌ಗೆ ಸರಕಾರದ ಸಹಾಯ ಇದೆ. ಕೇರಳದಲ್ಲಿ ಕಾರುಣ್ಯ ಆರೋಗ್ಯ ಯೋಜನೆಯ ಕಾರ್ಡು ಇದ್ದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯ ಖರ್ಚು ಸಿಗುತ್ತದೆ. ಹಾಗಾದರೆ ತೊಂದರೆ ಎಲ್ಲಿ? ದಾರಿಯಲ್ಲಿ. ವಾರಕ್ಕೆ ಮೂರು ಸಲ ಹೋಗಬೇಕು, ಅಂದರೆ ತಿಂಗಳಿಗೆ 13 ಸಲ. ನಮ್ಮ ಕಡೆಯಿಂದ ಒಬ್ಬರೇ ಗಾಡಿ ಮಾಡಿಕೊಂಡು ಹೋಗಿ, ಅಲ್ಲಿ ಕಾಯಿಸಿ, ವಾಪಸು ಬಂದರೆ 1,500 ರೂಪಾಯಿ ಆಗುತ್ತದೆ. ಹದಿಮೂರು ಸಲಕ್ಕೆ 19,500. ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು ಇಷ್ಟು ಎಲ್ಲಿಂದ ತರಬೇಕು? ಹಣ ಇಲ್ಲದ ವಾರ ಮೂರು ಸಲ ಹೋಗುವಲ್ಲಿ ಎರಡು ಸಲ ಹೋಗುತ್ತಾರೆ. ಆ ಬಿಟ್ಟ ಒಂದು ದಿನ ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ. ರಾತ್ರಿ ಹೊತ್ತು ಓಡಬೇಕಾಗುತ್ತದೆ.

2020ರ ಮಾರ್ಚ್ ನಿಮಗೆ ನೆನಪಿರಬಹುದು. ತಲಪಾಡಿಯಲ್ಲಿ ಗಡಿ ಮುಚ್ಚಿತು. ಆಸ್ಪತ್ರೆ ಅಂದರೆ ಮಂಗಳೂರು ಅಂತಲೇ ಇದ್ದ ನಮಗೆ ದಿಕ್ಕು ತೋಚಲಿಲ್ಲ. ಆಗ ಗಾಡಿ ಇದ್ದ ನಾಲ್ಕೈದು ಮನೆಯವರು ಒಂದು ವಾಟ್ಸ್ಆಪ್ ಗುಂಪು ಮಾಡಿದರು, ಯಾರಿಗೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾರ ಕಾರು ಖಾಲಿ ಇದೆ ಅಂತ. ಈ ಟ್ರಸ್ಟ್ ಹುಟ್ಟಿದ್ದು ಆ ಗುಂಪಿನಿಂದ.

ದೃಶ್ಯ 3. ಗಾಡಿಯ ಒಳಗೆ. ಕಿಟಕಿಯಿಂದ ಹೊರಗಿನ ರಸ್ತೆ. ತುಳು, ಮಲಯಾಳಂ, ಕನ್ನಡ ಎಲ್ಲ ಕಲೆಸಿದ ಹರಟೆ. ಯಾರೋ ಅಡಿಕೆಯ ರೇಟು ಹೇಳುತ್ತಿದ್ದಾರೆ.

(ಎಡಿಟ್ ಮಾಡುವವರಿಗೆ: ಇಲ್ಲಿಯ ನಗುವನ್ನು ಕತ್ತರಿಸಬೇಡಿ. ಮಾತಾಡಿದ ಅಕ್ಕ ಈ ಭಾಗವನ್ನು ನೋಡಿ ಒಪ್ಪಿದ ಮೇಲೆ ಮಾತ್ರ ಹೊರಗೆ ಬಿಡುವುದು. ಅವರು ಬೇಡ ಅಂದರೆ ದೃಶ್ಯವೇ ಬೇಡ.)

ಮಡಿಲಲ್ಲಿ ಮಡಚಿಟ್ಟ ಎರಡು ಕೈ. ದನಿ ಮಾತ್ರ.

ಪ್ರಯಾಣಿಕರು: ಹೆಸರು ಹೇಳುವುದಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತುಂಟು. ಇನ್ನು ಫೋನಿನಲ್ಲಿ ನೋಡುವವರಿಗೂ ಗೊತ್ತಾಗಬೇಕು ಅಂತ ಇಲ್ಲ ಅಲ್ವಾ? ಮಿಷನಿಗೆ ಹಾಕಿದರೆ ನಾಲ್ಕು ಗಂಟೆ. ಮುಗಿದು ಎದ್ದಾಗ ಕಾಲಿಗೆ ಬಲ ಇರುವುದಿಲ್ಲ. ಬಸ್ಸಲ್ಲಿ ಸೀಟು ಸಿಕ್ಕಿದರೆ ಸರಿ, ಸಿಗದಿದ್ದರೆ ಕಂಬ ಹಿಡಿದು ನಿಲ್ಲಬೇಕು. ಸೀಟು ಕೊಡಿ ಅಂತ ಕೇಳಬಹುದು. ದಿನಾ ಕೇಳಲಿಕ್ಕೆ ನನಗೆ ಮನಸ್ಸಿಲ್ಲ. ಉಳಿದ ದಿನ ನಾನು ಬೀಡಿ ಕಟ್ಟುತ್ತೇನೆ, ಮಗಳು ಪ್ಲಸ್ ಟೂ ಓದುತ್ತಾಳೆ. ನನ್ನ ವಿಷಯ ಇಷ್ಟೇ. ಪಾಪ ಅಂತ ಮಾತ್ರ ಹಾಕಬೇಡಿ.

ಟೀಚರ್ (ಹೊರಗಿನಿಂದ): ಇಲ್ಲ ಅಕ್ಕ, ಹಾಕುವುದಿಲ್ಲ. ಬೇರೆ ಏನಾದರೂ ಹೇಳಲಿಕ್ಕೆ ಉಂಟಾ?

ಪ್ರಯಾಣಿಕರು: ಉಂಟು. ಹಿಂದಿನ ಸೀಟಿನ ಸ್ಪ್ರಿಂಗ್ ಚುಚ್ಚುತ್ತದೆ. ಅದನ್ನೂ ವಿಡಿಯೊದಲ್ಲಿ ಹಾಕಿ. (ಗಾಡಿಯಲ್ಲಿ ಎಲ್ಲರೂ ನಗುತ್ತಾರೆ.)

ಚಾಲಕ: ಮಾಲಕರಿಗೆ ಹೇಳಿದ್ದೇನೆ ಟೀಚರೇ, ಈ ಭಾನುವಾರ ಸರಿಯಾಗುತ್ತದೆ.

ದೃಶ್ಯ 4. ಮತ್ತೆ ಆಫೀಸು.

ಟೀಚರ್: ಯಾರ ಮುಖವನ್ನೂ ಯಾಕೆ ತೋರಿಸುವುದಿಲ್ಲ ಅಂತ ನೀವು ಕೇಳಬಹುದು. ಮುಖ ತೋರಿಸಿದರೆ ಹಣ ಜಾಸ್ತಿ ಬರುತ್ತದೆ ಅಂತ ನಮಗೂ ಗೊತ್ತು. ಆದರೆ ಇದು ಕಾಸರಗೋಡು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಊರು. ಇಲ್ಲಿಯ ಮಕ್ಕಳ ಫೋಟೋಗಳು ದೇಶ ಸುತ್ತಿದವು. ಅವುಗಳಿಂದ ಹೋರಾಟಕ್ಕೆ ಬಲ ಬಂತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆಯಿತು. ಇಲ್ಲ ಅನ್ನುವುದಿಲ್ಲ. ಆದರೆ ಹೋರಾಟಕ್ಕೆ ಬೇಕಾದ ಫೋಟೋ ಬೇರೆ, ಓಮ್ನಿಯ ಬಾಡಿಗೆಗೆ ಬೇಕಾದ ಫೋಟೋ ಬೇರೆ. ಎರಡನೆಯದಕ್ಕೆ ಯಾರೂ ಹಾಸಿಗೆಯಿಂದ ಮುಖ ಎತ್ತಿ ಕ್ಯಾಮರಾ ನೋಡಬೇಕಾಗಿಲ್ಲ.

ಅದಕ್ಕೇ ಗಾಡಿಯ ಮೇಲೆ ಟ್ರಸ್ಟಿನ ಹೆಸರಿಲ್ಲ. ಗೇಟಿನ ಎದುರು ಅದು ನಿಂತರೆ ನೋಡಿದವರಿಗೆ ಬಾಡಿಗೆ ಗಾಡಿ, ಅಷ್ಟೇ. ಕೊಟ್ಟವರ ಹೆಸರೂ ಸೀಟಿನ ಮೇಲೆ ಬರೆಯುವುದಿಲ್ಲ. ಚೆಕ್ಕು ಕೊಡುವಾಗ ರೋಗಿಯ ಜೊತೆ ಫೋಟೋ ಬೇಕು ಅಂತ ಕೇಳುವವರಿಗೆ ನಾವು ಚಹಾ ಕೊಟ್ಟು ಕಳುಹಿಸುತ್ತೇವೆ.

ಗಾಡಿಯಲ್ಲಿ ಒಂದು ಡಬ್ಬಿ ಇದೆ. ಹತ್ತು ರೂಪಾಯಿಯೋ ಐವತ್ತೋ, ಆದವರು ಹಾಕುತ್ತಾರೆ. ಯಾರು ಹಾಕಿದರು ಅಂತ ಚಾಲಕ ತಿರುಗಿ ನೋಡುವುದಿಲ್ಲ. ತಿಂಗಳಿಗೆ ಅದರಲ್ಲೇ ಸುಮಾರು 3,000 ರೂಪಾಯಿ ಆಗುತ್ತದೆ.

ದೃಶ್ಯ 5. ಮೇಜಿನ ಮೇಲೆ ಲೆಕ್ಕದ ಪುಸ್ತಕ, ವೋಚರ್‌ಗಳ ಕಟ್ಟು. ಕ್ಯಾಮರಾ ಹತ್ತಿರದಿಂದ. ಟೀಚರ್ ಒಂದೊಂದೇ ಸಾಲಿನ ಮೇಲೆ ಬೆರಳಿಡುತ್ತಾರೆ. ಆತುರ ಬೇಡ, ಓದಲು ಸಮಯ ಇರಲಿ.

ಟೀಚರ್: ಈಗ ಹಣದ ಮಾತು. ಇದು ಕಳೆದ ವರ್ಷದ ಲೆಕ್ಕದಿಂದ ತೆಗೆದ ಒಂದು ತಿಂಗಳ ಸರಾಸರಿ.

ಓಮ್ನಿಗೆ ದಿನಕ್ಕೆ 1,900 ರೂಪಾಯಿ. ಇದರಲ್ಲಿ ಗಾಡಿ ಬಾಡಿಗೆ 600, ಪೆಟ್ರೋಲಿಗೆ 600, ಚಾಲಕರಿಗೆ 700. ಮನೆಮನೆ ಸುತ್ತುವುದೂ ಸೇರಿ ದಿನಕ್ಕೆ ಸುಮಾರು 80 ಕಿಲೋಮೀಟರ್. ತಿಂಗಳಿಗೆ 26 ದಿನ, ಒಟ್ಟು 49,400.

ರಾತ್ರಿ ಹೊತ್ತು ಯಾರಿಗಾದರೂ ಜೋರಾದರೆ ಮಂಗಳೂರಿಗೆ ಹೋಗಲು ಟ್ಯಾಕ್ಸಿ, ಆಂಬುಲೆನ್ಸ್. ಇದಕ್ಕೆ 7,600. ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಡಿಮೆ.

ಫೋನು, ಆಡಿಟರ್ ಫೀಸು, ಬ್ಯಾಂಕಿನ ಚಾರ್ಜು, ಈ ಕೋಣೆಯ ಕರೆಂಟ್ ಬಿಲ್ಲು ಎಲ್ಲ ಸೇರಿ 2,000. ಕೋಣೆಗೆ ಬಾಡಿಗೆ ಇಲ್ಲ, ಒಬ್ಬ ಟ್ರಸ್ಟಿಯ ಕಟ್ಟಡ.

ಒಟ್ಟು 59,000.

ಪರದೆಯ ಮೇಲೆ: ನೀವು ಕೊಡುವ 100 ರೂಪಾಯಿಯಲ್ಲಿ ಸುಮಾರು 84 ದಿನದ ಗಾಡಿಗೆ, 13 ತುರ್ತು ಗಾಡಿಗೆ, 3 ಆಫೀಸು ಖರ್ಚಿಗೆ.

ಟೀಚರ್: ಪೂರ್ತಿ ನೂರೂ ರೋಗಿಗೇ ಹೋಗುತ್ತದೆ ಅಂತ ಹೇಳಿದರೆ ಕೇಳಲು ಚಂದ. ಆದರೆ ಆಡಿಟರ್ ಸುಮ್ನೆ ಸಹಿ ಹಾಕುವುದಿಲ್ಲ, ಹಾಕಲೂ ಬಾರದು.

ಡಬ್ಬಿಯಿಂದ 3,000. ತಿಂಗಳು ತಿಂಗಳು ಕೊಡುವ ಊರವರಿಂದ 38,000. ಉಳಿದ 18,000 ಕೊರತೆ. ಇಷ್ಟು ದಿನ ಅದನ್ನು ಟ್ರಸ್ಟಿಗಳೇ ಕೈಯಿಂದ ಹಾಕಿದೆವು. ಅಡಿಕೆಗೆ ಮಹಾಳಿ ಬಂದ ವರ್ಷ ಅದು ಕಷ್ಟ. ಆದ್ದರಿಂದ ಒಂದು ವರ್ಷದ ಕೊರತೆ ಎಷ್ಟೋ ಅಷ್ಟನ್ನು ನಿಮ್ಮಲ್ಲಿ ಕೇಳುತ್ತಿದ್ದೇವೆ.

ಪರದೆಯ ಮೇಲೆ: ಬೇಕಾಗಿರುವುದು 2,16,000 ರೂಪಾಯಿ.
475 ರೂಪಾಯಿ: ಒಬ್ಬರ ಒಂದು ದಿನದ ಹೋಗಿಬರುವಿಕೆ.
1,900 ರೂಪಾಯಿ: ಗಾಡಿಯ ಒಂದು ಪೂರ್ತಿ ದಿನ.

ಟೀಚರ್: ಅಷ್ಟು ಆದ ದಿನ ಈ ಕ್ಯೂಆರ್ ಕೋಡ್ ತೆಗೆದು ಹಾಕುತ್ತೇವೆ. ಆ ಮಧ್ಯೆ ಸ್ವಲ್ಪ ಹೆಚ್ಚು ಬಂದರೆ ಅದು ತುರ್ತು ಗಾಡಿಯ ಖಾತೆಗೆ ಹೋಗುತ್ತದೆ. ಕಟ್ಟಡಕ್ಕೆ, ಸನ್ಮಾನಕ್ಕೆ, ವಾರ್ಷಿಕೋತ್ಸವಕ್ಕೆ ಒಂದು ರೂಪಾಯಿಯೂ ಹೋಗುವುದಿಲ್ಲ. ಹಿಂದಿನ ತಿಂಗಳ ಲೆಕ್ಕವನ್ನು ಪ್ರತಿ ತಿಂಗಳು 7ನೇ ತಾರೀಕಿಗೆ ಈ ಬಾಗಿಲಿಗೆ ಅಂಟಿಸುತ್ತೇವೆ. ಕೊಟ್ಟವರಿಗೆ ಅದರ ಫೋಟೋ ವಾಟ್ಸ್ಆಪ್‌ನಲ್ಲಿ ಬರುತ್ತದೆ. ಪ್ರಯಾಣಿಕರ ಹೆಸರು ಅದರಲ್ಲಿ ಇರುವುದಿಲ್ಲ. ವೋಚರ್ ನೋಡಬೇಕಾದರೆ ಆಫೀಸಿಗೆ ಬನ್ನಿ, ಕಟ್ಟು ಬಿಚ್ಚಿ ತೋರಿಸುತ್ತೇನೆ.

ದೃಶ್ಯ 6. ಪರದೆಯ ಅರ್ಧದಲ್ಲಿ ಕ್ಯೂಆರ್ ಕೋಡ್, ಇನ್ನರ್ಧದಲ್ಲಿ ಟೀಚರ್.

ಟೀಚರ್: ಕಳುಹಿಸುವಾಗ ಟಿಪ್ಪಣಿಯಲ್ಲಿ 'ಗಾಡಿ' ಅಂತ ಬರೆಯಿರಿ. ಸ್ಕ್ರೀನ್‌ಶಾಟನ್ನು ಈ ವಿಡಿಯೊ ಬಂದ ನಂಬರಿಗೇ ಕಳುಹಿಸಿದರೆ ರಸೀದಿ ಬರುತ್ತದೆ. ಟ್ರಸ್ಟಿಗೆ 80ಜಿ ಇದೆ, ಕೊಟ್ಟವರಿಗೆ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಗಲ್ಫಿನಲ್ಲಿ ಇರುವ ನಮ್ಮ ಊರ ಮಕ್ಕಳಿಗೆ ಒಂದು ಮಾತು. ನಿಮ್ಮ ಹತ್ತಿರ ಭಾರತದ ಪಾಸ್‌ಪೋರ್ಟ್ ಇದ್ದರೆ ನಿಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳುಹಿಸಬಹುದು. ನಮಗೆ ವಿದೇಶಿ ದೇಣಿಗೆಯ ನೋಂದಣಿ ಇಲ್ಲ. ಆದ್ದರಿಂದ ಬೇರೆ ದೇಶದ ಪ್ರಜೆಗಳಿಂದ, ಅಲ್ಲಿಯ ಕಂಪನಿಗಳಿಂದ ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ. ಅಲ್ಲಿಯ ಗೆಳೆಯರಿಂದ ಒಟ್ಟು ಮಾಡಿ ನಿಮ್ಮ ಹೆಸರಲ್ಲಿ ಕಳುಹಿಸುವುದೂ ಬೇಡ. ಬೇಸರ ಮಾಡಬೇಡಿ.

ಕೊಡಲು ಆಗದಿದ್ದರೆ ಪರವಾಗಿಲ್ಲ, ವಿಡಿಯೊ ನಾಲ್ಕು ಜನರಿಗೆ ಕಳುಹಿಸಿ. ನಿಮ್ಮ ಮನೆಯಲ್ಲೇ ಯಾರಿಗಾದರೂ ಈ ಗಾಡಿ ಬೇಕಿದ್ದರೂ ಇದೇ ನಂಬರಿಗೆ ಫೋನ್ ಮಾಡಿ. ಆದಾಯದ ಸರ್ಟಿಫಿಕೇಟು ಕೇಳುವುದಿಲ್ಲ, ಯಾವ ಜಾತಿ, ಯಾವ ಪಕ್ಷ ಅಂತ ಕೇಳುವುದಿಲ್ಲ. ಡಯಾಲಿಸಿಸ್‌ನ ದಿನ, ಹೊತ್ತು ಹೇಳಿ, ಮನೆಗೆ ಬರುವ ದಾರಿ ಹೇಳಿ. ಸೀಟು ಖಾಲಿ ಇದ್ದರೆ ಮರುದಿನವೇ ಗಾಡಿ ಬರುತ್ತದೆ. ಇಲ್ಲದಿದ್ದರೆ ನಿಮ್ಮ ಸರದಿ ಎಷ್ಟನೆಯದು ಅಂತ ಆಗಲೇ ಹೇಳುತ್ತೇವೆ.