ವಿಜ್ಞಾನ ಸಂಘದ ಪೋಸ್ಟರ್‌ಗೆ ನೀಹಾರಿಕೆಯ ಚಿತ್ರ: ಪ್ರಾಂಪ್ಟ್

ಚಿತ್ರದುರ್ಗದ ಒಂದು ಪ್ರೌಢಶಾಲೆಯ ವಿಜ್ಞಾನ ಸಂಘದ ಪೋಸ್ಟರ್‌ಗೆ ಬಾಹ್ಯಾಕಾಶದ ಚಿತ್ರ ಬಿಡಿಸು. ಅಗಲ 2 ಪಾಲು, ಎತ್ತರ 3 ಪಾಲು. ನೋಡಿದ ತಕ್ಷಣ "ಅಬ್ಬಾ, ಎಷ್ಟು ದೊಡ್ಡದು!" ಅನ್ನಿಸಬೇಕು, ಮುಖ್ಯವಾಗಿ ಬೇಕಿರುವುದು ಅದೇ.

ಕೆಳಗಿನ ಅಂಚಿನಲ್ಲಿ ದುರ್ಗದ ಕೋಟೆ. ಒಂದರ ಮೇಲೊಂದು ಕೂತ ದುಂಡನೆ ಬಂಡೆಗಳು, ನಡುವೆ ಕಲ್ಲಿನ ಗೋಡೆಯ ಒಂದು ತುಂಡು, ಅದರ ಮೇಲೆ ತೆನೆಗಳ ಸಾಲು. ಎಲ್ಲವೂ ಹೆಚ್ಚುಕಮ್ಮಿ ಕಪ್ಪು. ಒಂದು ಬಂಡೆಯ ನೆತ್ತಿಯಲ್ಲಿ ಇಬ್ಬರು ಮಕ್ಕಳು, ಮುಕ್ಕಾಲಿ ಮೇಲೆ ಟೆಲಿಸ್ಕೋಪ್. ಒಬ್ಬಳ ಜಡೆ ಕಾಣಬೇಕು, ಮುಖ ಬೇಡ. ಚಿತ್ರದ ಎತ್ತರದಲ್ಲಿ ನೂರನೇ ಒಂದು ಪಾಲಿಗಿಂತ ಜಾಸ್ತಿ ಇರಬಾರದು ಇವರು.

ಎಡಗಡೆ ಗುರುವಿನಂಥ ಒಂದು ಅನಿಲ ಗ್ರಹ, ಪೂರ್ತಿ ಅಲ್ಲ, ಮುಕ್ಕಾಲು ಭಾಗ ಚೌಕಟ್ಟಿನ ಹೊರಗೆ ಹೋಗಿರಲಿ. ಇಡೀ ಗೋಲ ತೋರಿಸಿದರೆ ಅದು ಚೆಂಡಾಗಿಬಿಡುತ್ತದೆ ಅಷ್ಟೇ. ಕೆನೆ ಮತ್ತು ಕಂದು ಮೋಡದ ಪಟ್ಟೆಗಳು, ಪಟ್ಟೆಗಳ ಅಂಚಿನಲ್ಲಿ ಸಣ್ಣ ಸಣ್ಣ ಸುಳಿ. ಪಟ್ಟೆಗಳ ಮುಂದೆ ಒಂದು ಪುಟ್ಟ ಬೂದು ಚಂದ್ರ, ಅದರ ದುಂಡನೆ ಕಪ್ಪು ನೆರಳು ಮೋಡಗಳ ಮೇಲೆ ಬಿದ್ದಿರಲಿ. ಗುರುವಿನ ಅಡ್ಡಳತೆಯಲ್ಲಿ ಸುಮಾರು 11 ಭೂಮಿಗಳು ಸಾಲಾಗಿ ಕೂರುತ್ತವೆ, ಆ ಗಾತ್ರ ಈ ನೆರಳಿನಿಂದಲೇ ತಿಳಿಯಬೇಕು. ಬಲಗಡೆ ದೂರದಲ್ಲಿ ಉಂಗುರದ ಒಂದು ಗ್ರಹ, ಉಗುರಿನಷ್ಟು, ಉಂಗುರ ಗೆರೆಯಷ್ಟು ತೆಳು. ಇನ್ನೊಂದು ಗ್ರಹ ಸೇರಿಸಬೇಡ, ಗ್ರಹ ಜಾಸ್ತಿ ಆದಷ್ಟೂ ಆಕಾಶ ಚಿಕ್ಕದಾಗುತ್ತದೆ.

ಹಿಂದೆ ನೀಹಾರಿಕೆ. ಬಣ್ಣ ಸುಮ್ನೆ ಚೆಲ್ಲಬೇಡ, ಒಂದೊಂದಕ್ಕೂ ಕಾರಣ ಇದೆ. ನಡುವೆ ಹೊಸದಾಗಿ ಹುಟ್ಟಿದ ನೀಲಿ-ಬಿಳಿ ನಕ್ಷತ್ರಗಳ ಗುಂಪು, ಬಿಸಿ ಜಾಸ್ತಿ. ಅದರ ಹತ್ತಿರ ಆಮ್ಲಜನಕದ ಹಸಿರು-ನೀಲಿ ಹೊಳಪು. ಅದರಾಚೆ ಜಲಜನಕದ ಕೆಂಪು, ಗುಲಾಬಿ ಕಡೆ ವಾಲಿದ್ದು, ಇದೇ ಹೆಚ್ಚು ಜಾಗ ತುಂಬಲಿ. ಒಂದು ಮೂಲೆಯಲ್ಲಿ ಮಾತ್ರ ಮಸುಕು ನೀಲಿ, ಅಲ್ಲಿ ಧೂಳು ನಕ್ಷತ್ರದ ಬೆಳಕನ್ನು ಚದುರಿಸುತ್ತಿದೆ. ಇವೆಲ್ಲದರ ಮೇಲೆ ಹಾದುಹೋಗುವ ಕಡುಕಪ್ಪು ಧೂಳಿನ ಪಟ್ಟಿಗಳು, ಅಂಚು ಹಿಂಜಿದ ಹತ್ತಿಯಂತೆ. ಕಾಮನಬಿಲ್ಲಿನ ಎಲ್ಲ ಬಣ್ಣ, ಮಿನುಗುವ ನೇರಳೆ, ಇವು ಬೇಡವೇ ಬೇಡ. ಫ್ಲೆಕ್ಸ್‌ನಲ್ಲಿ ಪ್ರಿಂಟ್ ಆದಮೇಲೆ ನೇರಳೆ ಹೇಗೆ ಸಪ್ಪೆಯಾಗುತ್ತದೆ ಅಂತ ನಮಗೆ ಗೊತ್ತು ಅಲ್ವಾ.

ಬೆಳಕು ಒಂದೇ ಕಡೆಯಿಂದ, ಚೌಕಟ್ಟಿನ ಹೊರಗೆ ಬಲಮೇಲಿನಿಂದ. ಎರಡೂ ಗ್ರಹ, ಚಂದ್ರ, ಬಂಡೆಗಳ ಅಂಚು, ಎಲ್ಲಕ್ಕೂ ಅದೇ ಬೆಳಕು. ಗ್ರಹದ ಕತ್ತಲೆ ಭಾಗದಲ್ಲಿ ನಕ್ಷತ್ರ ಕಾಣಬಾರದು, ಅಲ್ಲಿ ಗ್ರಹ ಅಡ್ಡ ಇದೆ. ನಕ್ಷತ್ರಗಳೆಲ್ಲ ಚುಕ್ಕಿಗಳು, ಐದು ಮೂಲೆಯ ನಕ್ಷತ್ರ ಬೇಡ.

ಮೇಲಿನ ಮೂರನೇ ಒಂದು ಭಾಗ ಕಡುನೀಲಿ-ಕಪ್ಪು, ಹೆಚ್ಚುಕಮ್ಮಿ ಖಾಲಿ. ಸಂಘದ ಹೆಸರು, ತಾರೀಕು ನಾವೇ ಆಮೇಲೆ ಅಲ್ಲಿ ಹಾಕುತ್ತೇವೆ, ಚಿತ್ರದೊಳಗೆ ಯಾವ ಭಾಷೆಯ ಅಕ್ಷರವೂ ಬೇಡ. ರಾಕೆಟ್, ಹಾರುವ ತಟ್ಟೆ, ಧ್ವಜ, ಲೋಗೋ ಬೇಡ. ಶೈಲಿ ಕೈಯಲ್ಲಿ ಬಿಡಿಸಿದ ಬಣ್ಣದ ಚಿತ್ರದ್ದು, ಫೋಟೋ ಥರ ಅಲ್ಲ. ಹತ್ತು ಅಡಿ ದೂರದಿಂದ ನೋಡಿದರೂ ಗ್ರಹ, ನೀಹಾರಿಕೆ, ಕೋಟೆ ಮೂರೂ ಬೇರೆ ಬೇರೆಯಾಗಿ ಕಾಣಬೇಕು.